ಹತ್ತು ನಿಮಿಷ ಎಂದರೆ 0.10 ಗಂಟೆಯಲ್ಲ

ರಾತ್ರಿ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಫೋನು ಟಿಂಗ್ ಎಂದಿತು. ಒಂಬತ್ತನೇ ತರಗತಿ ಓದುವ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಳು. ಕೆಳಗೆ ಒಂದೇ ಸಾಲು: ‘ಮಾಮ, ಇದು ಬರ್ತಾನೇ ಇಲ್ಲ.’ ಅಭ್ಯಾಸ ಪುಸ್ತಕದ ಪುಟವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೆಗೆದ ಚಿತ್ರ ಅದು. ಎಡಗಡೆ ಬೈಂಡಿಂಗಿನ ಹತ್ತಿರ ಪುಟ ಬಾಗಿತ್ತು, ಅವಳ ಕೈಯ ನೆರಳು ಕರ್ಣರೇಖೆಯ ಹಾಗೆ ಬಿದ್ದಿತ್ತು. ನಾನು ಓದಿಕೊಂಡದ್ದು ಹೀಗೆ:

ಅಣ್ಣ ಮತ್ತು ತಂಗಿ ಒಂದೇ ಹೊತ್ತಿಗೆ ಮನೆಯಿಂದ ಹೊರಟು ಒಂದೇ ದಾರಿಯಲ್ಲಿ ಶಾಲೆಗೆ ನಡೆದು ಹೋಗುತ್ತಾರೆ. ಅವರ ವೇಗಗಳ ಅನುಪಾತ 4 : 3. ಶಾಲೆ 24 ಕಿ.ಮೀ. ದೂರದಲ್ಲಿದೆ. ಅಣ್ಣ ತಂಗಿಗಿಂತ 10 ನಿಮಿಷ ಮೊದಲು ತಲುಪುತ್ತಾನೆ. ತಂಗಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್?

ಬಾಯಲ್ಲೇ ಲೆಕ್ಕ ಹಾಕಿದೆ. ತಂಗಿಯ ವೇಗ ಸೆಕೆಂಡಿಗೆ 10 ಮೀಟರ್ ಬಂತು. ಕೂಡಿಸಿ ಕಳೆದದ್ದರಲ್ಲಿ ಏನೂ ತಪ್ಪಿರಲಿಲ್ಲ, ಆದರೂ ಉತ್ತರ ನೋಡಿ ನಗು ಬಂತು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿ ವಿಶ್ವದಾಖಲೆ ಬರೆದಾಗ ಅವನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 10.4 ಮೀಟರ್. ಈ ತಂಗಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೆಚ್ಚುಕಡಿಮೆ ಅದೇ ವೇಗದಲ್ಲಿ ನಲವತ್ತು ನಿಮಿಷ ‘ನಡೆಯುತ್ತಾಳೆ’. ಅಣ್ಣನಂತೂ ಬೋಲ್ಟನನ್ನು ಹಿಂದೆ ಹಾಕಿ ಹೋಗುತ್ತಾನೆ.

‘ನೀನು ಮಾಡಿರೋದನ್ನೂ ಫೋಟೋ ತೆಗೆದು ಕಳಿಸು ಪುಟ್ಟಿ’ ಎಂದೆ. ಎರಡನೇ ಫೋಟೋ ಬಂತು. ಅವಳ ರಫ್ ನೋಟಿನ ಮೊದಲ ಸಾಲಿನಲ್ಲೇ ಗುಟ್ಟು ಇತ್ತು. ಅಲ್ಲಿ ಅವಳು ಬರೆದದ್ದು 24 ಅಲ್ಲ, 2.4. ಪುಟ ಬಾಗಿದ ಕಡೆ ಬಿದ್ದಿದ್ದ ನೆರಳು ಆ ಚುಕ್ಕಿಯನ್ನು ನುಂಗಿತ್ತು.

ಫೋಟೋದಲ್ಲಿ ಬಂದ ಲೆಕ್ಕದ ಮೊದಲ ಅಪಾಯ ಇದು. ಅಕ್ಷರ ಮಸುಕಾದರೆ ಪದವನ್ನು ಊಹಿಸಿಕೊಳ್ಳಬಹುದು, ಚುಕ್ಕಿ ಮಾಯವಾದರೆ ಅದು ಅಲ್ಲಿತ್ತೆಂಬುದೇ ತಿಳಿಯುವುದಿಲ್ಲ. 4 : 3 ಎಂಬಲ್ಲಿ ಮೇಲಿನ ಚುಕ್ಕಿ ಅಳಿಸಿದರೆ ಅದು 4.3 ಆಗುತ್ತದೆ. ‘ಮಿ.ಮೀ.’ ಮತ್ತು ‘ಕಿ.ಮೀ.’ ನಡುವೆ ಇರುವುದು ಒಂದು ಅಕ್ಷರದ ವ್ಯತ್ಯಾಸ, ಹತ್ತು ಲಕ್ಷ ಪಟ್ಟು ಅಂತರ. ಹಾಗಾಗಿ ಫೋಟೋ ನೋಡುತ್ತಲೇ ಲೆಕ್ಕ ಶುರುಮಾಡಬಾರದು. ಕೊಟ್ಟದ್ದನ್ನೂ ಕೇಳಿದ್ದನ್ನೂ ಒಂದು ಹಾಳೆಯ ಮೇಲೆ, ಸಂಖ್ಯೆಯ ಪಕ್ಕದಲ್ಲೇ ಅದರ ಏಕಮಾನ ಸೇರಿಸಿ ಬರೆದುಕೊಳ್ಳಬೇಕು. ನಾನು ಹಾಗೆ ಬರೆದುಕೊಳ್ಳದೆ ಬಾಯಿಲೆಕ್ಕಕ್ಕೆ ಇಳಿದೆ, ಬೋಲ್ಟ್ ಎದುರು ಬಂದು ನಿಂತ.

0.06 ಏನು?

ಇನ್ನು ಅವಳ ಲೆಕ್ಕ. ವೇಗಗಳ ಅನುಪಾತ 4 : 3 ಆದ್ದರಿಂದ ಅಣ್ಣನ ವೇಗ 4x, ತಂಗಿಯ ವೇಗ 3x ಎಂದು ಇಟ್ಟುಕೊಂಡಿದ್ದಳು. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ತಂಗಿಗೆ ಹಿಡಿದ ಸಮಯದಿಂದ ಅಣ್ಣನಿಗೆ ಹಿಡಿದ ಸಮಯ ಕಳೆದರೆ 10 ಉಳಿಯಬೇಕು. ಆದ್ದರಿಂದ:

2.4/(3x) − 2.4/(4x) = 10

ಎಡಗಡೆ 0.8/x ನಿಂದ 0.6/x ಕಳೆದು 0.2/x ಬಂತು. x ಬೆಲೆ 0.02. ತಂಗಿಯ ವೇಗ 3 × 0.02 = 0.06. ಪುಸ್ತಕದ ಹಿಂದಿನ ಉತ್ತರ ನೋಡಿದರೆ ಅಲ್ಲಿ ‘1’ ಎಂದಿದೆ. ಅವಳು ಮೂರು ಸಲ ಕೂಡಿ ಕಳೆದು, ಮೂರು ಸಲವೂ 0.06 ಬಂದು, ಸಿಟ್ಟಿನಲ್ಲಿ ಅದರ ಮೇಲೆ ಅಡ್ಡಗೆರೆ ಎಳೆದಿದ್ದಳು.

ಅವಳ ಸಮೀಕರಣ ತಪ್ಪಲ್ಲ. ಅದನ್ನು ಬಿಡಿಸಿದ್ದೂ ತಪ್ಪಲ್ಲ. ದೂರವನ್ನು ಕಿಲೋಮೀಟರಿನಲ್ಲೂ ಸಮಯವನ್ನು ನಿಮಿಷದಲ್ಲೂ ಹಾಕಿದ ಮೇಲೆ ಹೊರಗೆ ಬರುವ ವೇಗ ‘ನಿಮಿಷಕ್ಕೆ ಇಷ್ಟು ಕಿಲೋಮೀಟರ್’ ಎಂದೇ ಆಗಿರುತ್ತದೆ. ನಿಮಿಷಕ್ಕೆ 0.06 ಕಿ.ಮೀ. ಎಂದರೆ ನಿಮಿಷಕ್ಕೆ 60 ಮೀಟರ್. ಅದನ್ನು 60 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 1 ಮೀಟರ್. ಪುಸ್ತಕದ ಉತ್ತರ ಅವಳ ಕೈಯಲ್ಲೇ ಇತ್ತು, ಅದಕ್ಕೊಂದು ಹೆಸರು ಇರಲಿಲ್ಲ ಅಷ್ಟೆ. ಹೆಸರಿಲ್ಲದ 0.06 ಅನ್ನು ಅವಳು ‘ಸೆಕೆಂಡಿಗೆ ಮೀಟರ್’ ಎಂದು ಓದಿದಳು. ಹಾಗೆ ಓದಿದರೆ ಆ ತಂಗಿ ಒಂದು ಸೆಕೆಂಡಿಗೆ ಆರು ಸೆಂಟಿಮೀಟರ್ ತೆವಳುತ್ತಾಳೆ, ಶಾಲೆ ತಲುಪುವಷ್ಟರಲ್ಲಿ ಹನ್ನೊಂದು ಗಂಟೆ ಕಳೆದಿರುತ್ತದೆ.

ಈ ಒಂದೇ ಪ್ರಶ್ನೆಯಲ್ಲಿ ದೂರಕ್ಕೆ ಎರಡು ಅಳತೆಗಳಿವೆ, ಸಮಯಕ್ಕೂ ಎರಡು. ದಾರಿಯನ್ನು ಕಿಲೋಮೀಟರಿನಲ್ಲಿ ಹೇಳಿ ಉತ್ತರವನ್ನು ಮೀಟರಿನಲ್ಲಿ ಕೇಳಿದ್ದಾರೆ. ವ್ಯತ್ಯಾಸವನ್ನು ನಿಮಿಷದಲ್ಲಿ ಹೇಳಿ ಉತ್ತರವನ್ನು ಸೆಕೆಂಡಿನಲ್ಲಿ ಕೇಳಿದ್ದಾರೆ. ಸಮೀಕರಣಕ್ಕೆ ಇದು ಯಾವುದೂ ಕಾಣುವುದಿಲ್ಲ. ಅದು ನೋಡುವುದು ಬರೀ 2.4, ಬರೀ 10. ಒಮ್ಮೆ ಒಳಗೆ ಹೋದ ಸಂಖ್ಯೆ ತನ್ನ ಏಕಮಾನವನ್ನು ಹೊಸ್ತಿಲ ಆಚೆಯೇ ಬಿಟ್ಟು ಹೋಗುತ್ತದೆ. ಅದಕ್ಕೇ ಅಳತೆ ಹೊಂದಿಸುವ ಕೆಲಸ ಹೊಸ್ತಿಲ ಆಚೆಯೇ ಮುಗಿದಿರಬೇಕು ಅನ್ನುವುದು.

ಕೇಳಿದ್ದು ಯಾವುದರಲ್ಲಿ?

ಎಲ್ಲವನ್ನೂ ಒಂದು ಅಳತೆಗೆ ತರಬೇಕು ಸರಿ, ಯಾವ ಅಳತೆಗೆ? ಪ್ರಶ್ನೆಯ ಕೊನೆಯ ಸಾಲು ನೋಡಬೇಕು. ‘ಸೆಕೆಂಡಿಗೆ ಎಷ್ಟು ಮೀಟರ್’ ಎಂದು ಕೇಳಿದ್ದರೆ ದೂರವೆಲ್ಲ ಮೀಟರಿಗೆ, ಸಮಯವೆಲ್ಲ ಸೆಕೆಂಡಿಗೆ. ಫೋಟೋ ತೆಗೆಯುವಾಗ ಎಷ್ಟೋ ಸಲ ಚೌಕಟ್ಟಿನ ಹೊರಗೆ ಹೋಗುವುದು ಈ ಕೊನೆಯ ಸಾಲೇ. ಹಾಗಾದಾಗ ಪೂರ್ತಿ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ ತರಿಸಿಕೊಳ್ಳುವುದೇ ಮೇಲು.

ನಮ್ಮ ಲೆಕ್ಕವನ್ನು ಹಾಳೆಗೆ ಇಳಿಸಿದರೆ ನಾಲ್ಕು ಸಾಲು:

ದೂರ: 2.4 ಕಿ.ಮೀ. = 2.4 × 1000 = 2400 ಮೀಟರ್
ಸಮಯದ ವ್ಯತ್ಯಾಸ: 10 ನಿಮಿಷ = 10 × 60 = 600 ಸೆಕೆಂಡು
ವೇಗಗಳ ಅನುಪಾತ: 4 : 3
ಬೇಕಾದದ್ದು: ತಂಗಿಯ ವೇಗ, ಸೆಕೆಂಡಿಗೆ ಮೀಟರಿನಲ್ಲಿ

ಮೂರನೇ ಸಾಲನ್ನು ನಾವು ಮುಟ್ಟಲಿಲ್ಲ. ‘ಎಲ್ಲವನ್ನೂ ಪರಿವರ್ತಿಸು’ ಎಂದ ಕೂಡಲೇ ಕೆಲವು ಮಕ್ಕಳು ಅನುಪಾತಕ್ಕೂ ಕೈ ಹಾಕುತ್ತಾರೆ, 4 ಅನ್ನು ಸಾವಿರದಿಂದ ಗುಣಿಸುತ್ತಾರೆ. ಅನುಪಾತಕ್ಕೆ ಏಕಮಾನವಿಲ್ಲ. ಅಣ್ಣನ ವೇಗ ತಂಗಿಯ ವೇಗದ ಮೂರನೇ ನಾಲ್ಕರಷ್ಟು ಎಂಬ ಸಂಗತಿ ಗಂಟೆಯಲ್ಲಿ ಅಳೆದರೂ ಸೆಕೆಂಡಿನಲ್ಲಿ ಅಳೆದರೂ ಅದೇ. ಎರಡೂ ವೇಗಗಳನ್ನು ಒಂದೇ ಅಳತೆಯಲ್ಲಿ ಹೇಳಿದ್ದರೆ ಸಾಕು.

ಈಗ x ಹುಟ್ಟುವ ಮೊದಲೇ ಅದರ ಏಕಮಾನ ಗೊತ್ತಿದೆ. ತಂಗಿಯ ವೇಗ ಸೆಕೆಂಡಿಗೆ 3x ಮೀಟರ್, ಅಣ್ಣನದು 4x ಮೀಟರ್ ಎಂದು ಮಾತಿನಲ್ಲೇ ಬರೆದುಕೊಂಡು ಮುಂದೆ ಹೋಗಬಹುದು:

2400/(3x) − 2400/(4x) = 600
800/x − 600/x = 600
200/x = 600
x = 1/3

ತಂಗಿಯ ವೇಗ 3 × 1/3, ಅಂದರೆ ಸೆಕೆಂಡಿಗೆ 1 ಮೀಟರ್. ಅಣ್ಣನದು 4/3, ಸುಮಾರು 1.33 ಮೀಟರ್. ತಾಳೆ ನೋಡೋಣ. ಸೆಕೆಂಡಿಗೆ ಒಂದು ಮೀಟರಿನಂತೆ 2400 ಮೀಟರ್ ನಡೆಯಲು ತಂಗಿಗೆ 2400 ಸೆಕೆಂಡು, ಅಂದರೆ 40 ನಿಮಿಷ ಬೇಕು. ಅಣ್ಣನಿಗೆ 1800 ಸೆಕೆಂಡು, ಅಂದರೆ 30 ನಿಮಿಷ. ನಡುವೆ ಹತ್ತು ನಿಮಿಷ. ಸರಿಹೋಯಿತು.

ಈ 40 ಮತ್ತು 30ರಲ್ಲೇ ನಾನು ಬಾಯಲ್ಲಿ ಲೆಕ್ಕ ಹಾಕಿದ ಉಪಾಯವೂ ಇದೆ. ದೂರ ಒಂದೇ ಇದ್ದಾಗ ವೇಗ ಹೆಚ್ಚಿದಷ್ಟೂ ಸಮಯ ಕಡಿಮೆ. ಹಾಗಾಗಿ ಅಣ್ಣ ತಂಗಿಯರ ವೇಗ 4 : 3 ಆದರೆ ಸಮಯ ತಿರುಗಿ 3 : 4 ಆಗುತ್ತದೆ. ನಾಲ್ಕು ಭಾಗಕ್ಕೂ ಮೂರು ಭಾಗಕ್ಕೂ ಇರುವ ವ್ಯತ್ಯಾಸ ಒಂದು ಭಾಗ. ಆ ಒಂದು ಭಾಗವೇ 10 ನಿಮಿಷ. ಆದ್ದರಿಂದ ತಂಗಿಗೆ 40, ಅಣ್ಣನಿಗೆ 30. ಇಷ್ಟರವರೆಗೆ ದೂರವನ್ನು ನೋಡಲೇ ಇಲ್ಲ ಎಂಬುದೇ ಇದರ ಅನುಕೂಲ, ಅಪಾಯವೂ ಅದೇ. ದೂರ 24 ಆಗಲಿ 2.4 ಆಗಲಿ, ಸಮಯ 40 ನಿಮಿಷವೇ. ಚುಕ್ಕಿ ಕಾಣೆಯಾದದ್ದು ಕೊನೆಯ ಭಾಗಾಕಾರದವರೆಗೂ ನನ್ನ ಗಮನಕ್ಕೆ ಬಾರದೆ ಹೋದದ್ದು ಅದರಿಂದಲೇ.

ನಂಬುವಂಥ ತಪ್ಪು

ಬೋಲ್ಟನಂತೆ ಓಡುವ ತಂಗಿ, ಹನ್ನೊಂದು ಗಂಟೆ ತೆವಳುವ ತಂಗಿ, ಇಬ್ಬರೂ ತಮ್ಮ ತಪ್ಪನ್ನು ತಾವೇ ಕೂಗಿ ಹೇಳುತ್ತಾರೆ. ಹೆಚ್ಚು ಕಾಡುವುದು ಕೂಗದ ತಪ್ಪು. ಅಕ್ಕನ ಮಗಳು ತನ್ನ ಗೆಳತಿಯ ಉತ್ತರವನ್ನೂ ಕಳಿಸಿದ್ದಳು. ಆ ಹುಡುಗಿ ಕಿಲೋಮೀಟರಿಗೆ ಗಂಟೆಯೇ ಜೋಡಿ ಎಂದುಕೊಂಡು, 10 ನಿಮಿಷವನ್ನು ಗಂಟೆಗೆ ಬದಲಿಸಿ 0.10 ಎಂದು ಬರೆದಿದ್ದಳು.

2.4/(3x) − 2.4/(4x) = 0.10

x ಬೆಲೆ 2. ತಂಗಿಯ ವೇಗ ಗಂಟೆಗೆ 6 ಕಿ.ಮೀ., ಅಣ್ಣನದು 8. ಎಷ್ಟು ಚೊಕ್ಕ ಸಂಖ್ಯೆಗಳು! ಗಂಟೆಗೆ ಆರು ಕಿಲೋಮೀಟರ್ ಬಿರುಸು ನಡಿಗೆ, ಆದರೆ ಆಗದ ಮಾತಲ್ಲ. ಅಣ್ಣ ಸ್ವಲ್ಪ ಓಡಿರಬಹುದು. ಸಾಮಾನ್ಯ ಜ್ಞಾನ ಇಲ್ಲಿ ಗಲಾಟೆ ಮಾಡುವುದಿಲ್ಲ, ಲೆಕ್ಕದ ನೋಟ್‌ಬುಕ್ಕೂ ಸುಮ್ಮನಿರುತ್ತದೆ.

ಹಿಡಿಯುವ ದಾರಿ ಒಂದೇ: ಉತ್ತರವನ್ನು ಹಿಡಿದುಕೊಂಡು ಪ್ರಶ್ನೆಯ ಕತೆಯೊಳಗೆ ಮತ್ತೆ ಕಾಲಿಡುವುದು. ಸಮೀಕರಣಕ್ಕೆ ವಾಪಸು ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ತಪ್ಪು ಅದರೊಳಗೇ ಕೂತಿದೆ. x = 2 ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಪ್ರಶ್ನೆಗೆ ಹೋಗಬೇಕು. ಗಂಟೆಗೆ 6 ಕಿ.ಮೀ.ಯಂತೆ 2.4 ಕಿ.ಮೀ. ನಡೆಯಲು 0.4 ಗಂಟೆ, ಅಂದರೆ 24 ನಿಮಿಷ. ಗಂಟೆಗೆ 8ರಂತೆ 0.3 ಗಂಟೆ, ಅಂದರೆ 18 ನಿಮಿಷ. ವ್ಯತ್ಯಾಸ ಆರೇ ನಿಮಿಷ. ಪ್ರಶ್ನೆ ಹೇಳಿದ್ದು ಹತ್ತು. ಆ ಆರು ನಿಮಿಷ ಎಲ್ಲಿಂದ ಬಂತು ಎಂದು ಕೇಳಿದರೆ ತಪ್ಪಿನ ವಿಳಾಸವೂ ಸಿಗುತ್ತದೆ: 0.10 ಗಂಟೆ ಎಂದರೆ ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. ಹತ್ತು ನಿಮಿಷ ಗಂಟೆಯ ಆರನೇ ಒಂದು ಭಾಗ. 1/6 ಹಾಕಿದ್ದರೆ x 1.2 ಆಗಿ, ತಂಗಿಯ ವೇಗ ಗಂಟೆಗೆ 3.6 ಕಿ.ಮೀ. ಬರುತ್ತಿತ್ತು. ಅದು ಸೆಕೆಂಡಿಗೆ ಒಂದು ಮೀಟರೇ.

ಈ ತಪ್ಪು ಬರಲು ಕಾರಣ ನಮ್ಮ ಕೈಯ ಅಭ್ಯಾಸ. 2 ರೂಪಾಯಿ 50 ಪೈಸೆ 2.50, 1 ಮೀಟರ್ 10 ಸೆಂಟಿಮೀಟರ್ 1.10. ಎಲ್ಲ ಕಡೆ ನಡುವೆ ಒಂದು ಚುಕ್ಕಿ ಇಟ್ಟರೆ ಸಾಕು, ಏಕೆಂದರೆ ಅಲ್ಲಿ ನೂರಕ್ಕೊಂದು ಮೆಟ್ಟಿಲು. ಗಡಿಯಾರದಲ್ಲಿ ಅರವತ್ತಕ್ಕೊಂದು ಮೆಟ್ಟಿಲು. ‘ಒಂದು ಗಂಟೆ ಮೂವತ್ತು ನಿಮಿಷ’ವನ್ನು ನಾವು 1.30 ಎಂದು ಬರೆಯುತ್ತೇವೆ. ಬಸ್ಸಿನ ವೇಳಾಪಟ್ಟಿಗೆ ಅದು ಸರಿ, ಲೆಕ್ಕಕ್ಕೆ ಬೇಕಾದದ್ದು 1.5. ನಮ್ಮ ತಾತಂದಿರಿಗೆ ಈ ಗೊಂದಲ ಇದ್ದಿರಲಾರದು. 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬರುವ ತನಕ ರೂಪಾಯಿಗೆ ಹದಿನಾರಾಣೆ. ‘ಒಂದು ರೂಪಾಯಿ ನಾಲ್ಕಾಣೆ’ ಎಂದರೆ ಒಂದೂಕಾಲು ರೂಪಾಯಿ ಎಂದು ಅವರಿಗೆ ಗೊತ್ತಿತ್ತು. ಅದನ್ನು 1.4 ಎಂದು ಬರೆಯುವ ಯೋಚನೆ ಯಾರಿಗೂ ಬಂದಿರಲಿಕ್ಕಿಲ್ಲ. ದುಡ್ಡು ದಶಮಾಂಶವಾಯಿತು, ತೂಕ ಉದ್ದಗಳೂ ಆದವು, ಗಂಟೆ ಮಾತ್ರ ಹಳೆಯ ಅರವತ್ತರಲ್ಲೇ ಉಳಿಯಿತು.

ವೇಗದ ಲೆಕ್ಕದಲ್ಲಿ ಬರುವ 5/18 ಎಂಬ ವಿಚಿತ್ರ ಭಿನ್ನರಾಶಿಯೂ ಈ ಎರಡು ಬಗೆಯ ಮೆಟ್ಟಿಲುಗಳ ಜಗಳದಿಂದ ಹುಟ್ಟಿದ್ದು. ಗಂಟೆಗೆ 1 ಕಿ.ಮೀ. ಎಂದರೆ 3600 ಸೆಕೆಂಡಿಗೆ 1000 ಮೀಟರ್. 1000/3600 ಅನ್ನು ಸಂಕ್ಷೇಪಿಸಿದರೆ 5/18. ಕಿ.ಮೀ. ಗಂಟೆಯಿಂದ ಮೀಟರ್ ಸೆಕೆಂಡಿಗೆ ಹೋಗಲು 5/18ರಿಂದ ಗುಣಿಸಬೇಕೋ 18/5ರಿಂದಲೋ ಎಂದು ಪರೀಕ್ಷೆಯ ಹೊತ್ತಿಗೆ ಮರೆತುಹೋಗುತ್ತದೆ. ಆಗ ‘ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್’ ಎಂಬ ಒಂದು ಜೋಡಿಯನ್ನು ನೆನೆದರೆ ಸಾಕು. ಸೆಕೆಂಡಿನ ಸಂಖ್ಯೆ ಯಾವಾಗಲೂ ಗಂಟೆಯದಕ್ಕಿಂತ ಸಣ್ಣದು. ಪರಿವರ್ತಿಸಿದ ಮೇಲೆ ಸಂಖ್ಯೆ ದೊಡ್ಡದಾಗಿದ್ದರೆ ಭಿನ್ನರಾಶಿಯನ್ನು ತಲೆಕೆಳಗಾಗಿ ಹಿಡಿದಿದ್ದೇವೆ ಎಂದರ್ಥ.

ಮಳಖೇಡದ ಕಾಲದಿಂದ

ಲೆಕ್ಕಕ್ಕೆ ಕೈ ಹಾಕುವ ಮೊದಲು ಅಳತೆ ಹೊಂದಿಸು ಎಂಬುದು ಈಗಿನ ಮೇಷ್ಟ್ರುಗಳು ಕಂಡುಹಿಡಿದ ನಿಯಮವಲ್ಲ. ಒಂಬತ್ತನೇ ಶತಮಾನದಲ್ಲಿ, ಮಾನ್ಯಖೇಟದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದ ಮೊದಲ ಅಧ್ಯಾಯ ಸಂಜ್ಞಾಧಿಕಾರ. ಗುಣಾಕಾರ ಭಾಗಾಕಾರಗಳು ಬರುವುದು ಅದರ ನಂತರ. ಮೊದಲು ಉದ್ದದ, ಕಾಲದ, ಧಾನ್ಯದ, ಚಿನ್ನ ಬೆಳ್ಳಿಯ ಅಳತೆಗಳು, ಯಾವುದು ಎಷ್ಟು ಸೇರಿದರೆ ಯಾವುದಾಗುತ್ತದೆ ಎಂಬ ಪಟ್ಟಿ. 1150ರಲ್ಲಿ ಬಂದ ಭಾಸ್ಕರಾಚಾರ್ಯನ ‘ಲೀಲಾವತಿ’ಯೂ ಇದೇ ಕ್ರಮ ಹಿಡಿಯುತ್ತದೆ: ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ.

ಅನುಪಾತದ ಲೆಕ್ಕಕ್ಕೆ ಅವರಿಟ್ಟ ಹೆಸರು ತ್ರೈರಾಶಿಕ. ಮೂರು ರಾಶಿಗಳು ಗೊತ್ತಿವೆ, ನಾಲ್ಕನೆಯದು ಬೇಕು. ‘ಇಷ್ಟಕ್ಕೆ’ ಎಂಬುದು ಪ್ರಮಾಣ, ‘ಇಷ್ಟು’ ಎಂಬುದು ಫಲ, ‘ಹಾಗಾದರೆ ಇಷ್ಟಕ್ಕೆ?’ ಎಂಬುದು ಇಚ್ಛೆ. ಭಾಸ್ಕರ ಸೂತ್ರ ಕೊಡುವಾಗಲೇ ಪ್ರಮಾಣ ಮತ್ತು ಇಚ್ಛೆ ಒಂದೇ ಜಾತಿಯವಾಗಿರಬೇಕು ಎನ್ನುತ್ತಾನೆ, ಅವನ್ನು ಮೊದಲಿಗೂ ಕೊನೆಗೂ ಇಡಿಸಿ ಆಮೇಲೆ ಗುಣಿಸಿ ಭಾಗಿಸಲು ಹೇಳುತ್ತಾನೆ. ಪ್ರಮಾಣ ಕ್ರೋಶದಲ್ಲಿದ್ದು ಇಚ್ಛೆ ದಂಡದಲ್ಲಿದ್ದರೆ ಎರಡೂ ದೂರಗಳೇ, ಆದರೂ ಹಾಗೇ ಇಟ್ಟರೆ ಉತ್ತರ ಎರಡು ಸಾವಿರ ಪಟ್ಟು ಹಾರಿಹೋಗುತ್ತದೆ. ಪುಸ್ತಕದ ಬಾಗಿಲಲ್ಲೇ ಅಳತೆಯ ಪಟ್ಟಿ ಇಟ್ಟದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ.

ಇದನ್ನೆಲ್ಲ ರಾತ್ರಿ ಹತ್ತು ಗಂಟೆಗೆ ಹೇಳಲು ಹೋಗಲಿಲ್ಲ. ‘0.06 ತಪ್ಪಲ್ಲ, ಅದರ ಪಕ್ಕ ಏಕಮಾನ ಬರಿ’ ಎಂದಷ್ಟೇ ವಾಯ್ಸ್ ಮೆಸೇಜ್ ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮೂರನೇ ಫೋಟೋ ಬಂತು. ಅಡ್ಡಗೆರೆಯ ಪಕ್ಕದಲ್ಲಿ ‘ಕಿ.ಮೀ./ನಿ.’ ಎಂದು ಸೇರಿಸಿ, ಕೆಳಗೆ 60 ಮೀ./ನಿ., ಅದರ ಕೆಳಗೆ 1 ಮೀ./ಸೆ. ಎಂದು ಇಳಿಸಿದ್ದಳು. ಅದರ ಕೆಳಗೇ ಪುಸ್ತಕದ ಮುಂದಿನ ಪ್ರಶ್ನೆ: ಒಬ್ಬನ ವೇಗ ನಿಮಿಷಕ್ಕೆ 80 ಮೀಟರ್, ಇನ್ನೊಬ್ಬಳದು ಗಂಟೆಗೆ 3.6 ಕಿ.ಮೀ. ಅವರ ವೇಗಗಳ ಅನುಪಾತವೇನು?

80 : 3.6 ಎಂದು ಬರೆದಿದ್ದರೆ ಹುಡುಗ ಹುಡುಗಿಗಿಂತ ಇಪ್ಪತ್ತೆರಡು ಪಟ್ಟು ವೇಗದವನಾಗುತ್ತಿದ್ದ. ಅವಳು ಮೊದಲು ಎರಡನೆಯದನ್ನು ಬದಲಿಸಿದ್ದಳು: 3600 ಮೀಟರ್, 60 ನಿಮಿಷ, ನಿಮಿಷಕ್ಕೆ 60 ಮೀಟರ್. 80 : 60, ಅಂದರೆ 4 : 3. ಅದರ ಜೊತೆಗೆ ಒಂದು ಮೆಸೇಜು: ‘ಮಾಮ, ಇವರು ಅದೇ ಅಣ್ಣ ತಂಗಿ ಅಲ್ವಾ?’